ನಾಲ್ಕು ಕಿಟಕಿ ಇಳಿಸಿದಾಗ

ಚಿಕ್ಕಪ್ಪನಿಗೆ ಬೇರೆ ಯಾವ ಚಟವೂ ಇರಲಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಪೆಟ್ರೋಲ್ ಉಳಿಸುವ ಚಟ ಒಂದೇ. ಕಚೇರಿ ಮತ್ತು ಕಾರ್ಖಾನೆಯ ನೌಕರರನ್ನು ಕರೆದೊಯ್ದು ಬಿಡುವ ಒಂದಷ್ಟು ಬಾಡಿಗೆ ಕಾರುಗಳಿಗೆ ಅವನು ಯಜಮಾನ. ಯಾವ ಕಾರು ಎಷ್ಟು ಕುಡಿಯುತ್ತದೆ ಎಂಬುದು ಅವನಿಗೆ ಮನೆಯವರ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬೆನ್ನ ಹಿಂದೆ ಚಾಲಕರು ಅವನನ್ನು ಲೀಟರ್ ಸಾಹೇಬ ಎನ್ನುತ್ತಿದ್ದರು. ಅದು ಅವನಿಗೂ ತಿಳಿದಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಬೇಸಿಗೆಯಲ್ಲಿ ಅವನು ಶೆಡ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿದ. ನಾಳೆಯಿಂದ ಯಾವ ಕಾರಿನಲ್ಲೂ ಎಸಿ ಹಾಕಕೂಡದು, ಕಿಟಕಿ ಇಳಿಸಿಕೊಂಡು ಓಡಿಸಬೇಕು ಎಂದು ಅದರಲ್ಲಿ ಬರೆದಿತ್ತು. ಚಾಲಕರು ಓದಿ ಮೂಗು ಮುರಿದರು, ಟೀ ಕುಡಿದರು, ಕೀಲಿ ತೆಗೆದುಕೊಂಡು ಹೊರಟರು. ಗೋಡೆಯ ಮುಂದೆ ನಿಂತುಬಿಟ್ಟವಳು ಅಕ್ಕ ಒಬ್ಬಳೇ.

ಅವಳು ಚಿಕ್ಕಪ್ಪನ ಅಣ್ಣನ ಮಗಳು. ಸ್ವಂತ ತಮ್ಮ ಒಬ್ಬನೇ ಕರೆಯುತ್ತಿದ್ದ ಹೆಸರು ಶೆಡ್ಡಿಗೆಲ್ಲ ಹಬ್ಬಿ, ಅವಳು ಎಲ್ಲರಿಗೂ ಅಕ್ಕನೇ ಆಗಿದ್ದಳು. ಊರಾಚೆಯ ಕಾರ್ಖಾನೆಗೆ ಹೆದ್ದಾರಿಯಲ್ಲಿ ಹೋಗಿ ಬರುವ ಸರದಿ ಅವಳದು. ಒಳ್ಳೆಯ ರಸ್ತೆ, ಉದ್ದ ಓಟ, ಗೇರು ಬದಲಿಸುವ ತಾಪತ್ರಯ ಕಡಿಮೆ. ಹಳಬರಿಗೆ ಮಾತ್ರ ಸಿಗುವ ಆ ಸರದಿಗಾಗಿ ಅವಳು ವರ್ಷಗಟ್ಟಲೆ ಊರೊಳಗಿನ ಸಿಗ್ನಲ್ಲುಗಳಲ್ಲಿ ಬೆವರು ಸುರಿಸಿದ್ದಳು. ಈಗ ಆ ಸಿಗ್ನಲ್ಲುಗಳು ತಮ್ಮನ ಪಾಲಿಗಿದ್ದವು. ತಮ್ಮನಿಗೆ ಉಬ್ಬಸ. ಹೊಗೆ, ದೂಳು ಎದೆಗೆ ಹೋದರೆ ಉಸಿರು ಸೀಟಿ ಹೊಡೆಯುತ್ತಿತ್ತು. ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಎಸಿ ಇಟ್ಟುಕೊಂಡು ಅವನು ಹೇಗೋ ಸಂಭಾಳಿಸುತ್ತಿದ್ದ. ಡಾಕ್ಟರು ಹೇಳಿದ್ದೂ ಇಷ್ಟೇ: ಕಿಟಕಿ ತೆಗೆದು ಊರೊಳಗೆ ಓಡಿಸುವುದಾದರೆ ಈ ಕೆಲಸ ಬಿಡು. ಬಿಟ್ಟರೆ ತಮ್ಮನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಡಾಕ್ಟರ ಈ ಮಾತು ಚಿಕ್ಕಪ್ಪನಿಗೆ ತಿಳಿದಿರಲಿಲ್ಲ. ತಮ್ಮನ ಹೆಸರೆತ್ತಿ ಬೇಡಿಕೊಂಡಿದ್ದರೆ ಚಿಕ್ಕಪ್ಪ ಕರಗುತ್ತಿದ್ದನೋ ಏನೋ. ಆದರೆ ತನಗಾಗಿ ಯಾರೂ ಕೈಯೊಡ್ಡಕೂಡದು ಎಂದು ತಮ್ಮ ಆಣೆ ಹಾಕಿಸಿದ್ದ. ಹಾಗಾಗಿ ಅಕ್ಕ ಬೇರೆ ಕಡೆಯಿಂದ ಕೈ ಹಾಕಿದಳು.

“ಚಿಕ್ಕಪ್ಪ, ಹೆದ್ದಾರೀಲಿ ಕಿಟಕಿ ಇಳಿಸಿದ್ರೆ ಉಳಿಯುತ್ತೆ ಅಂತ ನಿಮಗ್ಯಾರು ಹೇಳಿದ್ದು?”

“ಹೇಳೋದೇನು ಬಂತು? ಎಸಿ ಓಡೋದು ಇಂಜಿನ್ ಬಲದಲ್ಲೇ ತಾನೇ? ಗಾಳಿ ಪುಕ್ಕಟೆ.”

“ಪುಕ್ಕಟೆ ಅಲ್ಲ. ಒಳಗೆ ನುಗ್ಗಿದ ಗಾಳಿ ಕಾರನ್ನ ಹಿಂದಕ್ಕೆ ಎಳೆಯುತ್ತೆ. ವೇಗ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ.”

“ಅಳೆದು ತೋರಿಸು,” ಎಂದ ಚಿಕ್ಕಪ್ಪ. ಅಳತೆ ಎಂಬ ಮಾತು ಬಂದರೆ ಅವನ ಕಿವಿ ನೆಟ್ಟಗಾಗುತ್ತಿತ್ತು. “ನಾನೇ ಹಿಂದೆ ಕೂತು ನೋಡ್ತೀನಿ. ಎಸಿ ಗೆದ್ರೆ ಹಾಳೆ ಹರಿದು ಹಾಕ್ತೀನಿ. ಅಲ್ಲೀವರೆಗೂ ಹಾಳೆ ಲೆಕ್ಕಕ್ಕಿಲ್ಲ.”

ಮೊದಲ ಸಲ ಚಿಕ್ಕಪ್ಪನಿಗೆ ಬ್ಯಾಂಕಿನ ಕೆಲಸ ಬಿತ್ತು. ಅಕ್ಕ ಒಬ್ಬಳೇ ಹೊರಟಳು. ಟೈರಿನ ಗಾಳಿ ನೋಡಿಕೊಂಡಳು. ಒಂದೇ ಬಂಕಿನಲ್ಲಿ, ಅದೇ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಟ್ಯಾಂಕು ತುಂಬಿ ಪೈಪು ಮೊದಲ ಸಲ ಟಕ್ಕೆಂದೊಡನೆ ಸಾಕು ಎಂದಳು. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ, ಅರ್ಧ ದೂರ ಹೋಗಿ ಅದೇ ದಾರಿಯಲ್ಲಿ ವಾಪಸ್ಸು. ಹೋಗುವಾಗ ಎದುರಾದ ಗಾಳಿ ಬರುವಾಗ ಹಿಂದಿನಿಂದ ತಳ್ಳಲಿ ಎಂದು. ಒಂದು ಮಧ್ಯಾಹ್ನ ಎಸಿ ಹಾಕಿ, ಮರುದಿನ ಅದೇ ಹೊತ್ತಿಗೆ ಕಿಟಕಿ ಇಳಿಸಿ. ಮತ್ತೆ ತುಂಬಿಸಿದಾಗ ಹಿಡಿದ ಪೆಟ್ರೋಲೇ ಖರ್ಚಾದ ಪೆಟ್ರೋಲು. ಕಿಟಕಿಯೇ ಗೆದ್ದಿತ್ತು.

ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾದ. “ನೋಡಿದ್ಯಾ? ನಿನ್ನ ಅಳತೆನೇ ನಿನ್ನ ಬಾಯಿ ಮುಚ್ಚಿಸ್ತು.”

ಅಕ್ಕ ರಾತ್ರಿಯ ಊಟಕ್ಕೆ ಕೂತವಳು ತಟ್ಟೆ ತಳ್ಳಿ ಎದ್ದಳು. ಎಂಥ ಪೆದ್ದುತನ! ಒಬ್ಬಳೇ ಓಡಿಸುವ ಚಾಲಕಿ ಯಾವ ಕಿಟಕಿ ಇಳಿಸುತ್ತಾಳೆ? ತನ್ನದೊಂದನ್ನು. ಕೈ ಅಭ್ಯಾಸಬಲದಿಂದ ಆ ಒಂದೇ ಗುಂಡಿಗೆ ಹೋಗಿತ್ತು. ಸರದಿಯಲ್ಲಾದರೆ ಕಾರು ತುಂಬ ಜನ, ನಾಲ್ಕೂ ಕಿಟಕಿ ತೆರೆದಿರುತ್ತವೆ. ಒಂದು ಕಿಟಕಿಯ ಎಳೆತ ಅಳೆದು ನಾಲ್ಕರ ತೀರ್ಪು ಕೊಟ್ಟಂತಾಗಿತ್ತು.

“ಲೆಕ್ಕ ತಪ್ಪು,” ಎಂದು ಬೆಳಗ್ಗೆಯೇ ಪಟ್ಟು ಹಿಡಿದಳು. “ಸರದೀಲಿ ಹ್ಯಾಗೆ ಓಡುತ್ತೋ ಹಾಗೇ ಅಳೀಬೇಕು. ಜನ ಇರ್ಬೇಕು, ನಾಲ್ಕೂ ಇಳಿಸಿರ್ಬೇಕು. ಎಸಿ ಹಾಕಿದಾಗ್ಲೂ ಅಷ್ಟೇ ಜನ. ಇಲ್ಲದಿದ್ರೆ ಅದು ನ್ಯಾಯ ಅಲ್ಲ.”

ಈ ಸಲ, ಹೆದ್ದಾರಿಯಲ್ಲಿ ಊರಿನಷ್ಟು ಹೊಗೆಯಿಲ್ಲವೆಂದು, ತಮ್ಮ ಪಕ್ಕದ ಸೀಟಿನಲ್ಲಿ, ಚಿಕ್ಕಪ್ಪ ಹಿಂದೆ. ನಾಲ್ಕೂ ಕಿಟಕಿ ಇಳಿದವು. ನೂರರ ವೇಗದಲ್ಲಿ ಒಳಗೆ ಬಿರುಗಾಳಿ ಎದ್ದಿತು. ಚಿಕ್ಕಪ್ಪ ಏನೋ ಕೂಗಿ ಹೇಳಿದ, ಯಾರಿಗೂ ಕೇಳಿಸಲಿಲ್ಲ. ಬೋಳುತಲೆಯ ಮೇಲೆ ಅಡ್ಡಲಾಗಿ ಬಾಚಿಕೊಂಡಿದ್ದ ಅವನ ನಾಲ್ಕು ಕೂದಲು ಬಾವುಟದಂತೆ ನಿಂತವು. ಬಂಕಿಗೆ ಬಂದು ತುಂಬಿಸಿ, ಮರುದಿನ ಕಿಟಕಿ ಮುಚ್ಚಿ ಎಸಿ ಹಾಕಿ ಓಡಿಸಿ, ಮತ್ತೆ ತುಂಬಿಸಿದರು. ಎಸಿ ಗೆದ್ದಿತು. ಗೆಲುವೇನು ದೊಡ್ಡದಲ್ಲ, ನೂರು ಕಿಲೋಮೀಟರಿಗೆ ಒಂದು ಸಣ್ಣ ಲೋಟದಷ್ಟು. ಆದರೂ ಗೆಲುವು ಗೆಲುವೇ. ಅಕ್ಕನಿಗೆ ಕುಣಿಯಬೇಕೆನಿಸಿತು.

ಚಿಕ್ಕಪ್ಪ ಕೂದಲ ಮೇಲೆ ಕೈಯಾಡಿಸಿಕೊಂಡ. ಅವನು ಜಿಪುಣ ನಿಜ, ದಡ್ಡನಲ್ಲ.

“ಒಪ್ಪಿದೆ. ಆದ್ರೆ ನೀನೇ ಹೇಳಿದ್ಯಲ್ಲ, ವೇಗ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ ಅಂತ. ಹಾಗಾದ್ರೆ ವೇಗ ಕಡಿಮೆಯಾದ್ರೆ? ನನ್ನ ಮುಕ್ಕಾಲು ಪಾಲು ಕಾರು ಊರೊಳಗೇ ಓಡೋದು. ಸರದೀಲಿ ಹ್ಯಾಗೋ ಹಾಗೇ ಅಳೀಬೇಕು ಅಂದ್ಯಲ್ಲಮ್ಮ. ನಲವತ್ತರಲ್ಲೂ ಅಳೆ.”

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಸಿ ತಿನ್ನುವುದು ಹೆಚ್ಚುಕಡಿಮೆ ಗಂಟೆಯ ಲೆಕ್ಕದಲ್ಲಿ, ಅವಳಿಗೆ ಗೊತ್ತಿತ್ತು. ಕಾರು ಓಡಲಿ, ತೆವಳಲಿ, ಅದರ ಹಸಿವು ಅಷ್ಟೇ. ನೂರರಲ್ಲಿ ಒಂದು ಗಂಟೆಗೆ ಮುಗಿಯುವ ದೂರಕ್ಕೆ ನಲವತ್ತರಲ್ಲಿ ಎರಡೂವರೆ ಗಂಟೆ ಬೇಕು, ಅಷ್ಟೂ ಹೊತ್ತು ಎಸಿ ತಿನ್ನುತ್ತಲೇ ಇರುತ್ತದೆ. ಗಾಳಿಯ ಎಳೆತವೋ ನಲವತ್ತರಲ್ಲಿ ಇದ್ದೂ ಇಲ್ಲದಂತೆ. ನ್ಯಾಯ ನ್ಯಾಯ ಎಂದು ಬಾಯಿ ಬಡಿದುಕೊಂಡವಳು ಈಗ ಬೇಡವೆನ್ನುವುದು ಹೇಗೆ?

ಊರಂಚಿನ ಗೋದಾಮುಗಳ ಸುತ್ತ ಖಾಲಿ ಬಿದ್ದಿದ್ದ ರಸ್ತೆಯಲ್ಲಿ ಸುತ್ತು ಹೊಡೆಯುವುದೆಂದಾಯಿತು. ದೂಳಿಲ್ಲದ ಡಾಂಬರು ರಸ್ತೆ, ತಮ್ಮನಿಗೂ ತೊಂದರೆಯಿಲ್ಲ. ಮೊದಲ ದಿನ ಕಿಟಕಿ. ನಲವತ್ತರಲ್ಲಿ ತಣ್ಣನೆ ಗಾಳಿ ಹದವಾಗಿ ಬೀಸಿತು. ಚಿಕ್ಕಪ್ಪ ಕಿಟಕಿಯ ಮೇಲೆ ಮೊಣಕೈ ಊರಿ ನಿದ್ದೆಹೋದ. ಬಾಯಿ ಬೇರೆ ತೆರೆದಿತ್ತು.

ಅಕ್ಕ ಕನ್ನಡಿಯಲ್ಲಿ ಅವನನ್ನು ನೋಡಿದಳು. ಆಮೇಲೆ ಅವಳ ಬಲಗಾಲು ಸ್ವಲ್ಪ ಒತ್ತಿತು, ಬಿಟ್ಟಿತು. ಮತ್ತೆ ಒತ್ತಿತು, ಬಿಟ್ಟಿತು. ಹೀಗೆ ಜಗ್ಗಾಡಿದರೆ ಇಂಜಿನ್ನು ಹೆಚ್ಚು ಕುಡಿಯುತ್ತದೆ, ಆ ಪಾಪವೆಲ್ಲ ಕಿಟಕಿಯ ತಲೆಗೆ ಬರುತ್ತದೆ. ನಾಳೆ ಎಸಿ ಹಾಕಿ ಬೆಣ್ಣೆಯಂತೆ ಓಡಿಸಿದರಾಯಿತು. ಯಾರಿಗೂ ಗೊತ್ತಾಗುವಂತಿರಲಿಲ್ಲ.

“ಅಕ್ಕ,” ಎಂದ ತಮ್ಮ ಮೆಲ್ಲಗೆ. “ವೇಗದ ಮುಳ್ಳು ಅಲ್ಲಾಡ್ತಿದೆ.”

“ರಸ್ತೆ ಹಾಗಿದೆ.”

“ರಸ್ತೆ ಚೆನ್ನಾಗೇ ಇದೆ.” ಅವನು ಹಿಂದಕ್ಕೆ ತಿರುಗಿ ನೋಡಿದ, ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದ. “ನನಗೋಸ್ಕರ ಕೈಯೊಡ್ಡಬೇಡ ಅಂದಿದ್ದೆ. ಕಾಲು ಒತ್ತು ಅಂತ ಅಂದಿರ್ಲಿಲ್ಲ. ಬಂಕಿಗೆ ತಿರುಗಿಸು, ಮತ್ತೆ ತುಂಬಿಸಿ ಮೊದಲಿಂದ ಶುರುಮಾಡೋಣ.”

“ನಿನಗೆ ಬುದ್ಧಿ ಇದೆಯೇನೋ? ಇದು ಸೋತ್ರೆ ನಿನ್ನ ಗತಿ ಏನು?”

“ಸೋತ್ರೆ ಸೋಲ್ತೀನಿ. ಕದ್ದ ಎಸಿಯಲ್ಲಿ ಕೂತು ದಿನಾ ಚಿಕ್ಕಪ್ಪನ ಮುಖ ನೋಡೋಕೆ ನನ್ನಿಂದಾಗಲ್ಲ.”

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಷ್ಟೇ ಜೋರಾಗಿ ಅವನನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಬಂಕಿಗೆ ತಿರುಗಿಸಿದಳು. ಚಿಕ್ಕಪ್ಪ ಎಚ್ಚರಗೊಂಡು “ಮುಗೀತಾ?” ಎಂದಾಗ, “ಅಳತೆ ಕೆಟ್ಟಿತು, ಮತ್ತೆ ಓಡಿಸ್ಬೇಕು,” ಎಂದಳು. ಆಮೇಲೆ ಮುಳ್ಳು ಅಲ್ಲಾಡಲಿಲ್ಲ, ಮರುದಿನ ಎಸಿ ಹಾಕಿದಾಗಲೂ ಅಲ್ಲಾಡಲಿಲ್ಲ.

ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಲವತ್ತರ ವೇಗದಲ್ಲಿ ನೂರು ಕಿಲೋಮೀಟರಿಗೆ ಎಸಿ ಹೆಚ್ಚುವರಿಯಾಗಿ ಕುಡಿದದ್ದು ಹೆಚ್ಚುಕಡಿಮೆ ಒಂದು ನೀರಿನ ಬಾಟಲಿಯಷ್ಟು. ಚಿಕ್ಕಪ್ಪ ಹುರುಪಿನಲ್ಲಿ ಎಪ್ಪತ್ತರಲ್ಲೂ ಅಳೆಸಿದ. ಅಲ್ಲೂ ಕಿಟಕಿಯದೇ ಮೇಲುಗೈ, ಆದರೆ ಅಂತರ ಅರ್ಧ ಬಾಟಲಿಗೂ ಕಡಿಮೆ. ಈ ಕಾರಿನ ಮಟ್ಟಿಗೆ ಎರಡರ ತಕ್ಕಡಿ ತೊಂಬತ್ತರ ಆಸುಪಾಸಿನಲ್ಲಿ ಸಮ ತೂಗುತ್ತದೆ ಎಂದು ಅಕ್ಕನೇ ಹೇಳಿದಳು. ಬೇರೆ ಆಕಾರದ ಕಾರಿಗೆ ಲೆಕ್ಕ ಬೇರೆಯೇ ಬಂದೀತು ಎಂದೂ ಸೇರಿಸಿದಳು. ಶೆಡ್ಡಿನ ಕಾರುಗಳೆಲ್ಲ ಒಂದೇ ಆಕಾರದವಾಗಿದ್ದವು.

ಚಿಕ್ಕಪ್ಪ ಮಾತಿನಂತೆ ಹಳೆಯ ಹಾಳೆ ಹರಿದ. ಹೊಸದು ಅಂಟಿಸಿದ: ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ, ಊರೊಳಗೆ ಎಸಿ ಇಲ್ಲ. ಮೊದಲಿನ ಹಾಳೆಯೇ ಇದ್ದಿದ್ದರೆ ಅದರ ಮಾತನ್ನು ಚಾಲಕರು ಕದ್ದುಮುಚ್ಚಿ ಮುರಿಯುತ್ತಿದ್ದರು, ಚಿಕ್ಕಪ್ಪನೂ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದನೇನೋ. ಈಗ ಅವನ ಕೈಯಲ್ಲಿ ಅಳತೆಯಿತ್ತು. ಊರೊಳಗಿನ ಕಾರು ಎಷ್ಟು ಕುಡಿಯಬೇಕೆಂದು ಗೊತ್ತಾದ ಮೇಲೆ ಕದ್ದು ಎಸಿ ಹಾಕಿದವನು ಸಂಜೆ ಬಂಕಿನಲ್ಲೇ ಸಿಕ್ಕಿಬೀಳುತ್ತಿದ್ದ. ಆ ಬಲೆ ಹೆಣೆದುಕೊಟ್ಟವಳು ಅಕ್ಕ.

ತಮ್ಮ ಹಾಳೆ ಓದಿದ. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಚಿಕ್ಕಪ್ಪ ಅರ್ಥವಾಗದೆ ಅವನ ಮುಖ ನೋಡಿದ. ಅಷ್ಟರಲ್ಲಿ ಅಕ್ಕ ಬಂದು ಆ ಕೀಲಿ ಎತ್ತಿಕೊಂಡು, ತನ್ನದನ್ನು ಅದೇ ಜಾಗದಲ್ಲಿಟ್ಟಳು.

“ಇವತ್ತಿಂದ ಹೆದ್ದಾರಿ ಇವನಿಗೆ, ಊರು ನನಗೆ,” ಎಂದಳು.

“ಹಳಬರ ಸರದಿ ಅದು. ಬಿಟ್ಟುಕೊಟ್ರೆ ಮತ್ತೆ ಸಿಗಲ್ಲ, ಬಾಲದಲ್ಲಿ ನಿಲ್ಬೇಕಾಗುತ್ತೆ. ತಲೆ ಕೆಟ್ಟಿದೆಯಾ?” ಎಂದ ಚಿಕ್ಕಪ್ಪ.

“ಅಕ್ಕ, ಬೇಡ ಅಂದ್ನಲ್ಲ!” ತಮ್ಮನ ಮುಖ ಕೆಂಪಾಗಿತ್ತು.

“ನಾನೇನು ಯಾರ ಮುಂದೂ ಕೈಯೊಡ್ಡಿಲ್ಲ. ಅಳತೆನೂ ಸರಿಯಾಗೇ ಮಾಡಿದೀನಿ. ಇನ್ನೇನು ಬೇಕು ನಿನಗೆ? ಬಾಯಿ ಮುಚ್ಕೊಂಡು ಹೋಗು, ಕಾರ್ಖಾನೆಯವರು ಕಾಯ್ತಿರ್ತಾರೆ.”

ಇದನ್ನು ಅವಳು ನಗುನಗುತ್ತ ಮಾಡಿದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಜಗಳವಾಡಿದಳು, ಊರೊಳಗಿನ ಕಾರಿನ ಬಾಗಿಲನ್ನು ಧಡಾರನೆ ಬಡಿದಳು, ಮೊದಲ ಸಿಗ್ನಲ್ಲಿನಲ್ಲೇ ಅಡ್ಡ ಬಂದವನೊಬ್ಬನ ವಂಶವನ್ನೆಲ್ಲ ಜಾಲಾಡಿದಳು. ಮಧ್ಯಾಹ್ನ ಕಚೇರಿಯೊಂದರ ಮುಂದೆ ಬಿಸಿಲಿನಲ್ಲಿ ಕಾರಿನೊಳಗೆ ಕಾಯುತ್ತ ಕೂತಾಗ ಮೈಯೆಲ್ಲ ದೂಳು, ಗಂಟಲಲ್ಲಿ ಹೊಗೆ. ಕಳೆದುಕೊಂಡ ರಸ್ತೆಯನ್ನು ನೆನೆದು ಹೊಟ್ಟೆ ಉರಿಯಿತು.

ಆಗ ಫೋನು ಬಂತು. ಕಾರ್ಖಾನೆ ತಲುಪಿದ ತಮ್ಮ ಕಾರು ನಿಲ್ಲಿಸಿ ಮಾಡಿದ್ದ.

“ಅಕ್ಕ, ಕೇಳಿಸ್ತಿದೆಯಾ?”

ಬಸ್ಸೊಂದು ಹಾರನ್ ಒತ್ತಿಹಿಡಿದಿತ್ತು. “ಏನೂ ಕೇಳಿಸ್ತಿಲ್ಲ, ತಡಿ,” ಎಂದು ಅವಳು ನಾಲ್ಕೂ ಗಾಜು ಏರಿಸಿದಳು. ಕಾರು ಬಾಣಲೆಯಾಯಿತು. ಬೆವರು ಕಣ್ಣಿಗಿಳಿಯಿತು.

ಅವನು ರಸ್ತೆಯ ಬಗ್ಗೆ ಏನೇನೋ ಹೇಳತೊಡಗಿದ. ಕಾರು ಹೇಗೆ ಓಡಿತು, ಎಲ್ಲಿ ತಿರುವು ಸಿಕ್ಕಿತು, ಅವಳಿಗೆ ಕಣ್ಣುಮುಚ್ಚಿದರೂ ಗೊತ್ತಿದ್ದ ಸಂಗತಿಗಳೇ. ಅವಳು ಮಾತು ಕೇಳುತ್ತಿರಲಿಲ್ಲ. ಮಾತು ಮಾತಿನ ನಡುವೆ ಅವನು ಎಳೆದುಕೊಳ್ಳುತ್ತಿದ್ದ ಉಸಿರನ್ನು ಕೇಳುತ್ತಿದ್ದಳು. ಎಲ್ಲೂ ಸೀಟಿಯಿರಲಿಲ್ಲ.

“ಅಕ್ಕ, ಇದೀಯಾ? ಇಡ್ಲಾ?”

“ಇಡಬೇಡ,” ಎಂದಳು ಅವಳು. “ಇನ್ನೂ ಸ್ವಲ್ಪ ಮಾತಾಡು.”