ಬೀದಿ ಕಡೆಯ ಗೋಡೆಗೆ ಬಿದ್ದ ಹಾರೆ

ಮುಳಬಾಗಿಲಿನ ಹಳೇ ಪೇಟೆಯಲ್ಲಿರುವ ಆದಿಲಕ್ಷ್ಮಮ್ಮನವರ ಮನೆಯ ಗೋಡೆಗಳು ಕಲ್ಲುಮಣ್ಣಿನವು, ಕಿಟಕಿಯ ಒಳಗೊಬ್ಬರು ಕಾಲು ಮಡಚಿ ಕೂರಬಹುದಾದಷ್ಟು ದಪ್ಪ. ಸಂಜೆ ಹೊತ್ತು ಆಕೆ ದೇವರ ಕೋಣೆಯಲ್ಲಿ ಕೂತು, ಫೋನಿನ ವಿಡಿಯೋದಲ್ಲಿ ಶ್ರೀನಿವಾಸಪುರ, ಮಾಲೂರು ಕಡೆಯ ಹೆಂಗಸರಿಗೆ ಭಜನೆ ಕಲಿಸುತ್ತಿದ್ದರು.

ಹೊಸ ವೈಫೈ ಹಾಕಿಸಿದ್ದೇ ತಡ, ಪಾಠ ಕೆಟ್ಟಿತು. ಆಕೆ ಬಾಯಿ ತೆರೆದು ರಾಗ ಎಳೆದರೆ ಎಲ್ಲರ ಫೋನಿನಲ್ಲೂ ಹಾಗೇ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದರು. ಅಷ್ಟರಲ್ಲಿ ಶ್ರೀನಿವಾಸಪುರದ ಅಂಜಮ್ಮ, "ಅಕ್ಕ ನಿಂತೋದ್ರು, ನಾನು ಮುಂದುವರಿಸ್ತೀನಿ" ಎಂದು ಪಾಠ ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಳು. ಆದಿಲಕ್ಷ್ಮಮ್ಮನವರಿಗೆ ಸಹಿಸಲಾಗದೇ ಹೋದದ್ದು ಇದೇ.

ವೈಫೈ ಹಾಕಿದ ಜುಬೇರನಿಗೆ ಫೋನು ಹೋಯಿತು. "ನಿನ್ ಲೈನೇ ಕೆಟ್ಟಿದೆ ಕಣಪ್ಪ. ಬದಲಾಯಿಸು."

ಜುಬೇರ್ ಬಂದು ಹಜಾರದಲ್ಲಿ, ವೈಫೈ ಡಬ್ಬಿಯ ಪಕ್ಕದಲ್ಲೇ ನಿಂತು ಫೋನು ತೋರಿಸಿದ. ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿದ್ದವು. ವಿಡಿಯೋ ಒಂದನ್ನು ಹಾಕಿದ, ಸರಾಗವಾಗಿ ಓಡಿತು. ಅದೇ ಫೋನು ಹಿಡಿದು ನಡುಮನೆ ದಾಟಿ, ದೇವರ ಕೋಣೆಗೆ ಹೋದ. ಒಂದೊಂದು ಗೋಡೆ ದಾಟಿದಂತೆಲ್ಲ ಕಡ್ಡಿ ಕರಗುತ್ತಾ ಬಂದು, ಒಳಗೆ ಹೋಗಿ ಬಾಗಿಲು ಹಾಕಿದರೆ ಒಂದೇ ಒಂದು ಉಳಿಯಿತು. ವಿಡಿಯೋ ಅಲ್ಲೇ ನಿಂತಿತು.

"ಡಬ್ಬಿ ಹತ್ರ ಚೆನ್ನಾಗಿ ಓಡಿದ್ರೆ ಲೈನ್ ಸರಿಯಾಗಿದೆ ಅಂತಾನೇ ಅಮ್ಮಾ. ದೂರ, ಅದ್ರ ಮೇಲೆ ಈ ಗೋಡೆಗಳು."

"ಗೋಡೆಗೆ ಯಾಕಪ್ಪ ಹೆಸರಿಡ್ತೀಯ? ನಮ್ ಮಾವ ಕಟ್ಟಿಸಿದ್ದು!"

"ಚೆನ್ನಾಗಿ ಕಟ್ಟಿಸಿದ್ದಾರೆ, ಅದೇ ತೊಂದರೆ. ಡಬ್ಬೀನ ದೇವರ ಕೋಣೆ ಬಾಗಿಲ ಹತ್ರ ತಂದಿಡೋಣ. ಉದ್ದದ ವೈರ್ ಬೇಕು, ನಾಳೆ ತರ್ತೀನಿ. ಅಲ್ಲೀವರೆಗೆ ಹಜಾರದಲ್ಲಿ ಕೂತು ಹಾಡಿ."

ಹಜಾರದಲ್ಲಿ ಪತಿ ನರಸಿಂಹಪ್ಪನವರ ಟಿವಿ ಇತ್ತು. ಟಿವಿ ಉಳಿಸಿಕೊಳ್ಳಲು ನರಸಿಂಹಪ್ಪನವರು ಮರುದಿನ ಬೆಳಿಗ್ಗೆ, ಜುಬೇರನನ್ನು ಕಾಯದೆ, ಡಬ್ಬಿಯನ್ನು ತಾವೇ ಎತ್ತಿಕೊಂಡು ಹೊರಟರು. ಗೋಡೆಯುದ್ದಕ್ಕೂ ಮೊಳೆಗೆ ಸಿಕ್ಕಿಸಿದ್ದ ತೆಳ್ಳನೆಯ ವೈರನ್ನು ಬಿಡಿಸಿ, ನಡುಮನೆಯ ಬಾಗಿಲ ಸಂದಿಯಿಂದ ನೇರ ಎಳೆದರು. ದೇವರ ಕೋಣೆಯ ಬಾಗಿಲಿಗೆ ಹೇಗೋ ತಲುಪಿತು. ಗೆದ್ದೆ ಎಂದುಕೊಂಡು ನಡುಮನೆಯ ಬಾಗಿಲನ್ನು ಧಡಾರನೆ ಮುಚ್ಚಿದರು.

ಸಂಜೆ ಆದಿಲಕ್ಷ್ಮಮ್ಮ ಫೋನು ತೆಗೆದರು. "ರೀ, ಕಡ್ಡಿ ಎಲ್ಲಾ ಇದಾವೆ! ಆದ್ರೆ ಒಬ್ಬರೂ ಕಾಣಿಸ್ತಿಲ್ಲ!"

"ಕಡ್ಡಿ ಇದ್ಮೇಲೆ ನೆಟ್ ಇರ್ಲೇಬೇಕು."

"ಇಲ್ವಲ್ಲ!"

ನರಸಿಂಹಪ್ಪ ಯೋಚಿಸಿದರು. ಒಳಗಿನ ಗೋಡೆಗಳ ಸಮಸ್ಯೆ ಮುಗಿದಿತ್ತು. ಆದರೆ ನೆಟ್ಟು ಬರುವುದು ಬೀದಿಯಿಂದ, ಬೀದಿ ಕಡೆಯ ಗೋಡೆಯೇ ಎಲ್ಲಕ್ಕಿಂತ ದಪ್ಪ. "ಆ ಹುಡುಗ ಹೇಳಿದ್ದು ನಿಜ ಕಣೇ. ಗೋಡೇದೇ ತಪ್ಪು," ಎಂದು ಹಿತ್ತಿಲಿಂದ ಹಾರೆ ತಂದರು.

ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಜುಬೇರ್ ಬಂದಾಗ ಗಾರೆ ಉದುರಿ ಜಗಲಿಯೆಲ್ಲ ಬೆಳ್ಳಗಾಗಿತ್ತು. ನರಸಿಂಹಪ್ಪ ಮೀಸೆಯವರೆಗೂ ಸುಣ್ಣವಾಗಿದ್ದರು.

"ಯಾ ಅಲ್ಲಾ! ಏನ್ ಮಾಡ್ತಿದೀರಿ ಸಾಹೇಬ್ರೇ?"

"ಸಿಗ್ನಲ್‌ಗೆ ದಾರಿ ಬಿಡ್ತಿದೀನಿ."

ಜುಬೇರ್ ಹಾರೆ ಇಸಿದುಕೊಂಡು ಒಳಗೆ ಓಡಿದ. ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. "ನೋಡಿ, ಇವತ್ತು ಗೋಡೆ ಅಲ್ಲ, ಲೈನೇ ಹೋಗಿದೆ."

"ಕಡ್ಡಿ ತುಂಬಾ ಇದಾವಲ್ಲಪ್ಪ?" ಎಂದರು ಆದಿಲಕ್ಷ್ಮಮ್ಮ.

"ಕಡ್ಡಿ ಹೇಳೋದು ನಿಮ್ ಫೋನಿಗೂ ಈ ಡಬ್ಬಿಗೂ ನಡುವಿನ ವಿಷಯ ಅಷ್ಟೇ ಅಮ್ಮಾ. ಡಬ್ಬಿಗೆ ಹೊರಗಿಂದ ಏನಾದ್ರೂ ಬರ್ತಿದೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಆ ಕಥೆ ಈ ಕೆಂಪು ದೀಪ ಹೇಳ್ತದೆ."

ವೈರನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಹೋದ. ನಡುಮನೆಯ ತೇಗದ ಬಾಗಿಲು ಅದನ್ನು ಹೊಸ್ತಿಲ ಹತ್ತಿರ ಕಚ್ಚಿ ಹಿಡಿದಿತ್ತು. "ಇದ್ರೊಳಗೆ ಕೂದಲಿನಂಥ ಗಾಜು ಇರ್ತದೆ. ಮುರಿದೋಯ್ತು."

ಆದಿಲಕ್ಷ್ಮಮ್ಮ ಗಂಡನ ಕಡೆ ತಿರುಗಿದರು. ನರಸಿಂಹಪ್ಪನವರು ಬಹಳ ಶ್ರದ್ಧೆಯಿಂದ ಮೀಸೆಯ ಸುಣ್ಣ ಒರೆಸಿಕೊಳ್ಳತೊಡಗಿದರು.

ಜುಬೇರ್ ಹೊಸ ವೈರನ್ನು ಬಾಗಿಲಿಗೆ ಸಿಗದ ಹಾಗೆ ತೊಲೆಯ ಮಗ್ಗುಲಲ್ಲಿ, ಎಲ್ಲೂ ಚೂಪಾಗಿ ಮಡಚದಂತೆ ಎಳೆದು, ದೇವರ ಕೋಣೆಯ ಬಾಗಿಲ ಪಕ್ಕ ಡಬ್ಬಿ ಕೂರಿಸಿದ. ದೀಪ ಹಸಿರಾಯಿತು. ಹೆಂಗಸರೆಲ್ಲ ಫೋನಿನಲ್ಲಿ ಸಾಲಾಗಿ ಮೂಡಿದರು. ಆದಿಲಕ್ಷ್ಮಮ್ಮ ಉಮೇದಿನಿಂದ ಮೇಲಿನ ಸ್ವರ ಎತ್ತಿಕೊಂಡರು.

ಯಾರೂ ಜೊತೆ ಹಾಡಲಿಲ್ಲ.

"ಏನ್ರಮ್ಮಾ, ಧ್ವನಿ ಒಡೀತಿದೆಯಾ? ಮತ್ತೆ ಸಿಗ್ನಲ್ಲಾ?"

ಅಂಜಮ್ಮ ಫೋನಿನ ಹತ್ತಿರಕ್ಕೆ ಬಾಗಿದಳು. "ಇಲ್ಲ ಅಕ್ಕಾ, ಇವತ್ತು ಸ್ಪಷ್ಟವಾಗಿ ಕೇಳಿಸ್ತಿದೆ. ಶ್ರುತಿನೇ... ಒಂಚೂರು ಜಾಸ್ತಿ ಆಯ್ತೇನೋ."

ಜುಬೇರ್ ತಲೆ ತಗ್ಗಿಸಿ ಬೇಗಬೇಗ ಸಾಮಾನು ಚೀಲಕ್ಕೆ ತುಂಬಿದ. ಆದಿಲಕ್ಷ್ಮಮ್ಮನವರ ಮುಖ ಕೆಂಪಗಾಯಿತು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. "ಆಯ್ತು ಬಿಡೇ, ಇಳಿಸ್ತೀನಿ. ನೀನೇ ಎತ್ಕೋ, ನಾನು ಸೇರ್ಕೋತೀನಿ," ಎಂದರು.

ಅಂಜಮ್ಮ ಎತ್ತಿಕೊಂಡಳು. ಜಗಲಿಯಲ್ಲಿ ನರಸಿಂಹಪ್ಪನವರು ಗಾರೆ ಕಲಸುತ್ತಾ ಕೂತಿದ್ದರು.