ಒಳ್ಳೆಯ ಕಾಲಿನ ಅಳತೆ

ನನ್ನ ಬಾಯಿ ಜೋರು ಅಂತ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಇಲ್ಲಿ ಫಿಸಿಯೋ ಆಗಿದ್ದೇನೆ. ಆದರೂ ಇಲ್ಲೇ ಆಡುವ ಅಕ್ಕನ ಮಗನ ಬಲಪಾದ ಉಳುಕಿದಾಗ ಬೈಯುವುದನ್ನೂ ಮರೆತು ಮೈದಾನಕ್ಕೆ ಓಡಿದೆ. ಇನ್ನು ಏಳು ವಾರಕ್ಕೆ ದೊಡ್ಡ ತಂಡದವರು ಆಟಗಾರರನ್ನು ಆರಿಸಲು ಬರುವವರಿದ್ದರು. ಇಪ್ಪತ್ತೊಂದು ದಾಟಿದವರನ್ನು ಅವರು ಮೂಸಿಯೂ ನೋಡುವುದಿಲ್ಲ. ಇವನಿಗೆ ಅದೇ ಕೊನೆಯ ಅವಕಾಶ.

ಮೊದಲ ದಿನಗಳಲ್ಲಿ ಬಿಗಿ ಪಟ್ಟಿ, ದಿಂಬಿನ ಮೇಲೆ ಕಾಲು, ಓಡಾಡಲು ಊರುಗೋಲು. ಊತ ಇಳಿಯುತ್ತಿದ್ದಂತೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಸಿದೆ.

“ಶಾಲೇಲಿ ಬರೀದೇ ಇದ್ದಿದ್ದನ್ನ ಈಗ ಕಾಲಲ್ಲಿ ಬರೆಸ್ತಿದೀಯಲ್ಲ ಚಿಕ್ಕಮ್ಮ!”

“ಸುಮ್ನೆ ಬರಿ. ತಲೆಹರಟೆ ಬೇಡ.”

ಆಮೇಲೆ ಹಿಮ್ಮಡಿ ಎತ್ತಿಸಿದೆ, ಕಣ್ಣು ಮುಚ್ಚಿಸಿ ಒಂಟಿ ಕಾಲಲ್ಲಿ ನಿಲ್ಲಿಸಿದೆ. ನೋವಿಲ್ಲದೆ ನಿಂತ ಮೇಲೆಯೇ ನೇರ ಓಟ, ಅದು ಸರಿಹೋದ ಮೇಲೆ ಅಡ್ಡಾದಿಡ್ಡಿ ತಿರುವು, ಚೆಂಡು.

ಆರನೇ ವಾರ ಪರೀಕ್ಷೆ. ಒಂಟಿ ಕಾಲಲ್ಲಿ ಜಿಗಿದು ಅದೇ ಕಾಲಲ್ಲಿ ನಿಲ್ಲಬೇಕು. ಪೆಟ್ಟಾದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಹಾರಿದರೆ ಪಾಸು. ಟೇಪು ಹಿಡಿದು ಬರೆದುಕೊಂಡೆ: ಎಡ ನೂರೈವತ್ತೆಂಟು ಸೆಂಟಿಮೀಟರ್, ಬಲ ನೂರೈವತ್ತೆರಡು. ಖುಷಿಯಿಂದ ಅವನ ಬೆನ್ನಿಗೊಂದು ಗುದ್ದಿದೆ. ತಂಡದ ಜೊತೆ ಒಂದು ವಾರ ಅಭ್ಯಾಸ ಮಾಡಿದ. ತಿರುಗುವಾಗಲೆಲ್ಲ ಎಡಗಾಲನ್ನೇ ಊರುತ್ತಿದ್ದ. ಹುಡುಗನಿಗೆ ಬುದ್ಧಿ ಬಂತು, ಹುಷಾರಾಗಿದ್ದಾನೆ ಅಂದುಕೊಂಡೆ. ಎಂಥಾ ಮಂಕುಬಡಿದಿತ್ತೋ ನನಗೆ!

ದೊಡ್ಡ ತಂಡದವರು ನೋಡಲು ಬಂದ ಪಂದ್ಯದ ಹದಿನೆಂಟನೇ ನಿಮಿಷ. ಎದುರಾಳಿಯನ್ನು ತಪ್ಪಿಸಲು ಬಲಗಾಲೂರಿ ಸರಕ್ಕನೆ ತಿರುಗಿದ. ಪಾದ ಒಳಕ್ಕೆ ಮಗುಚಿಕೊಂಡಿತು. ಅವನನ್ನು ಯಾರೂ ಮುಟ್ಟಿರಲಿಲ್ಲ. ಅವನ ಕಿರುಚಾಟ ಕೇಳಿಯೇ ನನಗೆ ಗೊತ್ತಾಯಿತು, ಈ ಸಲ ಬರೀ ಉಳುಕಲ್ಲ.

ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಮಲಗಿಸಿ ಆಂಬುಲೆನ್ಸಿಗೆ ಕಾಯುತ್ತಿದ್ದೆವು. ಪಾದ ಆಗಲೇ ಬುರಬುರನೆ ಊದಿತ್ತು. ಆಸ್ಪತ್ರೆಗೆ ಕೊಡಲೆಂದು ನನ್ನ ಪುಸ್ತಕ ತೆಗೆದೆ. ಪರೀಕ್ಷೆಯ ಹಿಂದಿನ ಹಾಳೆಯಲ್ಲೇ, ಈ ಸೀಸನ್ನಿನ ಶುರುವಿನಲ್ಲಿ ನಾನೇ ಅಳೆದು ಬರೆದದ್ದಿತ್ತು: ಎಡಗಾಲಿನ ಜಿಗಿತ ಇನ್ನೂರೈದು.

ಅಂದರೆ ಪರೀಕ್ಷೆಯ ದಿನ ಒಳ್ಳೆಯ ಕಾಲಲ್ಲಿ ಬೇಕೆಂದೇ ಕಡಿಮೆ ಹಾರಿದ್ದ. ಪೆಟ್ಟಾದ ಕಾಲು ಮುಕ್ಕಾಲು ಪಾಲೂ ಸರಿಯಾಗಿರಲಿಲ್ಲ. ಒಂದು ಹಾಳೆ ತಿರುವಿದ್ದರೆ ಸಾಕಿತ್ತು, ನಾನು ತಿರುವಲಿಲ್ಲ. ಅವನು ಪಾಸಾಗಲಿ ಅಂತ ಅವನಿಗಿಂತ ಹೆಚ್ಚು ನನಗೇ ಆಸೆಯಿತ್ತು.

“ಯಾಕೋ ಹಿಂಗೆ ಮಾಡ್ದೆ, ಪಾಪಿ?” ಅಂದೆ. ದನಿ ಏಳಲಿಲ್ಲ.

ಹೊರಗೆ ಪಂದ್ಯ ಮುಂದುವರಿದಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

“ನೀನು ಹಿಡಿದೇ ಹಿಡೀತೀಯ ಅಂದ್ಕೊಂಡಿದ್ದೆ ಚಿಕ್ಕಮ್ಮ,” ಅಂದ. “ನೀನು ಬೇಡ ಅಂದಿದ್ರೆ ನಾನು ಆಡ್ತಿರ್ಲಿಲ್ಲ.”