ಫೋಟೊ ಇಲ್ಲದೆ ಹೋದ ಸುದ್ದಿ

ಕೌಜಲಗಿ ಹೈಸ್ಕೂಲಿನ ಹುಡುಗಿಯರು ಜಿಲ್ಲಾ ಖೋ-ಖೋ ಗೆದ್ದಿದ್ದರು. ಬೆಳಗಾವಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದ ಭೀಮಶಿ ಆ ತಂಡದ ಫೋಟೊ ತೆಗೆದು, "ನಾಳೆ ಪೇಪರಿನ್ಯಾಗ ನಿಮ್ಮ ಮಾರಿ ನೋಡ್ರಿ" ಎಂದು ಹೇಳಿ, ಮೂಡಲಗಿಯ ಸೈಬರ್ ಕೆಫೆಯಿಂದ ಮೇಲ್ ಮಾಡಿದ.

ಮರುದಿನ ನಾಲ್ಕು ಸಾಲಿನ ಸುದ್ದಿಯಷ್ಟೇ ಬಂದಿತ್ತು. ಹುಡುಗಿಯರು ಪೇಪರನ್ನು ತಿರುವಿ ಹಾಕಿ ಮಡಚಿಟ್ಟರು. ಅವರ ಮುಂದೆ ಸಣ್ಣವನಾದಂತೆನಿಸಿ ಭೀಮಶಿ ಶಾಲೆಯ ಆಫೀಸಿನ ಫೋನಿನಿಂದಲೇ ಪತ್ರಿಕೆಯ ಉಪಸಂಪಾದಕಿ ದೀಪಾಲಿಗೆ ಕರೆ ಮಾಡಿದ. ಆಟದ ಟೀಚರ್ ಪದ್ಮವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಹಳ್ಳಿ ಹುಡುಗ್ಯಾರ ಫೋಟೊ ನಿಮಗ ಬ್ಯಾಡಾತೇನ್ರಿ?"

"ನಮಗ ಸುದ್ದಿ ಅಷ್ಟೇ ಬಂದೈತ್ರಿ. ಫೋಟೊ ಬಂದಿಲ್ಲ."

"ಸುಳ್ಳು ಹೇಳಬ್ಯಾಡ್ರಿ! ನಾ ಕಳಿಸೀನಿ."

ದೀಪಾಲಿ ದನಿ ಏರಿಸಲಿಲ್ಲ. "ಕಳಿಸಿದ ಮೇಲ್ ತಗದು ನೋಡ್ರಿ. ಅದರಾಗ ಫೋಟೊದ ಹೆಸರು, ಸೈಜು ಇದ್ರ ತಪ್ಪು ನಂದು."

ಭೀಮಶಿ ಸಿಟ್ಟಿನಲ್ಲೇ ಕೆಫೆಗೆ ಹೋಗಿ ಕಳಿಸಿದ ಮೇಲ್ ತೆರೆದ. ಅವನು ಬರೆದ ಸುದ್ದಿಯಷ್ಟೇ ಇತ್ತು. ಫೋಟೊದ ಹೆಸರು ಎಲ್ಲೂ ಇರಲಿಲ್ಲ. ಆಗ ನೆನಪಾಯಿತು: ಫೋಟೊ ಆರಿಸಿ ಲಗತ್ತಿಸಲು ಒತ್ತಿದ್ದ, ಪರದೆಯ ಮೇಲೆ ಚಕ್ರ ಬಹಳ ಹೊತ್ತು ತಿರುಗಿ, ಏನೊಂದೂ ಹೇಳದೆ ಪುಟ ಮತ್ತೆ ಪತ್ರಕ್ಕೇ ಮರಳಿತ್ತು. ಹೆಸರು ಬಂದಿದೆಯೇ ಎಂದು ನೋಡದೆ, ಬಸ್ಸಿನ ಅವಸರದಲ್ಲಿ ಕಳಿಸಿಬಿಟ್ಟಿದ್ದ. ಆಮೇಲೆ ಪರದೆ 'ಮೇಲ್ ಹೋಗಿದೆ' ಎಂದು ತೋರಿಸಿದ್ದು ಪತ್ರದ ಮಾತು, ಫೋಟೊದ್ದಲ್ಲ.

ಸುಳ್ಳು ಹೇಳಬ್ಯಾಡ್ರಿ ಎಂದಿದ್ದನಲ್ಲ, ಅದೂ ಪದ್ಮವ್ವನವರಿಗೆ ಕೇಳಿಸುವಂತೆ.

ಫೋಟೊ ಬಹಳ ದೊಡ್ಡದಿತ್ತು; ಕೆಫೆಯವನಿಂದ ಅದರ ಸೈಜು ಕಡಿಮೆ ಮಾಡಿಸಿದ. ಈ ಸಲ ಅದರ ಹೆಸರು, ಸೈಜು ಪತ್ರದ ಕೆಳಗೆ ಮೂಡುವವರೆಗೂ ಕಾದ. ತನ್ನ ವಿಳಾಸಕ್ಕೂ ಒಂದು ಪ್ರತಿ ಹಾಕಿ ಕಳಿಸಿ, ತನಗೆ ಬಂದ ಪ್ರತಿಯಿಂದ ಫೋಟೊ ಇಳಿಸಿ ತೆರೆದು ನೋಡಿದ. ಹುಡುಗಿಯರು ನಗುತ್ತಿದ್ದರು. ಆಮೇಲೆ ದೀಪಾಲಿಗೆ ಫೋನು ಮಾಡಿದ.

"ಬಾಯೇರ, ಫೋಟೊ ನನ್ನ ಕಡಿಂದನ ಹೋಗಿರಲಿಲ್ರಿ. ಬಾಯಿಗೆ ಬಂದಂಗ ಮಾತಾಡಿದೆ. ತಪ್ಪಾತು."

"ಈಗ ಬಂದೈತಿ, ತೆರದೂ ನೋಡೀನಿ. ಆದ್ರ ಸುದ್ದಿ ಹಳೇದಾತು. ಹಾಕ್ತಾರಂತ ಹೇಳಾಕ ಬರೂದಿಲ್ಲ." ಆಕೆ ಫೋನಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಕೌಜಲಗಿಗೆ ಮರಳಿದಾಗ ಹುಡುಗಿಯರು ಮೈದಾನದಲ್ಲಿದ್ದರು. ಪದ್ಮವ್ವ ಮೆಲ್ಲಗೆ, "ಬೆಳಗಾವಿಯವ್ರು ನಮ್ಮನ್ನ ಲೆಕ್ಕಕ್ಕ ಹಿಡಿಯೂದಿಲ್ಲ ಅಂತ ನಾನೂ ಹುಡುಗ್ಯಾರಿಗೆ ಹೇಳಿಬಿಟ್ಟೀನ್ರಿ" ಎಂದರು.

"ಅವ್ರ ತಪ್ಪಿಲ್ರಿ, ಟೀಚರ್. ಫೋಟೊ ಸೇರೈತೋ ಇಲ್ಲೋ ನೋಡಲಾರದ ನಾನು ಕಳಿಸಿದ್ದೆ. ಹುಡುಗ್ಯಾರಿಗೆ ನಾನೇ ಹೇಳ್ತೇನಿ."

ಪದ್ಮವ್ವ ಸೀಟಿ ಊದಿದರು. ಓಡುತ್ತಿದ್ದ ಹುಡುಗಿಯರು ಬಂದು ಸುತ್ತ ನಿಂತರು. ಯಾರ ಮುಖವನ್ನೂ ನೋಡಲಾರದೆ, ಭೀಮಶಿ ಹೇಳಲು ಶುರು ಮಾಡಿದ.